ಬೇಳೆ ಬೇಯುವ ಬಗೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿರುವ ಸಾಲಗುಂದದಂತಹ ಊರುಗಳಲ್ಲಿ ಜೋಳದ ರೊಟ್ಟಿಯನ್ನು ಬಡಿಯುವುದು ಕೈಚಳಕದ ಕೆಲಸವಾದರೆ, ತೊಗರಿಬೇಳೆಯನ್ನು ಬೇಯಿಸುವುದು ತಾಳ್ಮೆಯ ಕೆಲಸ. ಹಂಚು ಕಾದ ಮೇಲೆ ಒಂದೊಂದು ರೊಟ್ಟಿಗೆ ಒಂದೆರಡು ನಿಮಿಷ ಸಾಕು. ಬೇಳೆಯಾದರೋ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಒಲೆಯನ್ನು ಹಿಡಿದು ಕುಳಿತಿರುತ್ತದೆ. ಹೊಲದ ಕೆಲಸ ಮುಗಿಸಿ ಹೊತ್ತು ಮುಳುಗುವ ವೇಳೆಗೆ ಮನೆ ಸೇರಿದ ಹೆಣ್ಣುಮಗಳಿಗೆ ಈ ಮುಕ್ಕಾಲು ಗಂಟೆ ಸಣ್ಣ ಅವಧಿಯಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಇವುಗಳನ್ನು ಒಂದರ ಹಿಂದೊಂದು ಒಲೆಗೆ ಒಡ್ಡುತ್ತ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಆಕೆ ಕಾಯಬೇಕು. ಆಗ ಪಡಸಾಲೆಯಿಂದ ಅತ್ತೆಯ ಮಾತು ಕೇಳಿಬರುತ್ತದೆ: “ಉರಿ ಜೋರು ಮಾಡವ್ವ, ಬ್ಯಾಳಿ ಲಗೂನ ಬೇಯ್ತದ.”

ಈ ಮಾತು ಅನುಭವದಿಂದ ಬಂದದ್ದು. ಆದ್ದರಿಂದ ಅದನ್ನು ಅಲ್ಲಗಳೆಯುವವರು ವಿರಳ. ನೀರು ಕುದಿಯುವವರೆಗೆ ಆ ಮಾತು ನಿಜವೂ ಹೌದು. ಉರಿ ಹೆಚ್ಚಿದಷ್ಟೂ ತಣ್ಣೀರು ಬೇಗ ಕಾಯುತ್ತದೆ. ಆದರೆ ನೀರು ಒಮ್ಮೆ ಕುದಿಯತೊಡಗಿತೆಂದರೆ ಅತ್ತೆಯ ಮಾತು ಸುಳ್ಳಾಗುತ್ತದೆ. ಕುದಿಯುವ ಪಾತ್ರೆಯಲ್ಲಿ ಉಷ್ಣತಾಮಾಪಕವನ್ನು ಅದ್ದಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಾಲಗುಂದದ ನೆಲ ಸಮುದ್ರಮಟ್ಟದಿಂದ 400 ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ. ಅಲ್ಲಿ ಪಾದರಸವು 98 ಡಿಗ್ರಿಯನ್ನು ದಾಟಿ 99ನ್ನು ಮುಟ್ಟುವುದರೊಳಗೆ ನಿಂತುಬಿಡುತ್ತದೆ. ಒಲೆಗೆ ಇನ್ನೆರಡು ಹಿಡಿ ಕಟ್ಟಿಗೆ ಒಡ್ಡಿದರೂ ಅದು ಮೇಲೇರುವುದಿಲ್ಲ. ನೀರು ಕೊತಕೊತನೆ ಹೆಚ್ಚು ಸದ್ದು ಮಾಡುತ್ತದೆ, ಆವಿ ಹೆಚ್ಚು ಏಳುತ್ತದೆ, ಪಾತ್ರೆಯ ನೀರು ಬೇಗ ಇಂಗುತ್ತದೆ, ಅಷ್ಟೇ. ಬೇಳೆಯ ಕಾಳಿಗೆ ದೊರೆಯುವ ಬಿಸಿ ಮಾತ್ರ ಮೊದಲಿನಷ್ಟೇ ಇರುತ್ತದೆ.

ಹಾಗಾದರೆ ಹೆಚ್ಚಾಗಿ ಸುರಿದ ಶಾಖವೆಲ್ಲ ಎಲ್ಲಿಗೆ ಹೋಯಿತು? ನೀರನ್ನು ಆವಿಯಾಗಿ ಮಾಡುವುದಕ್ಕೆ ಅದು ವ್ಯಯವಾಯಿತು. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 69 ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರನ್ನು, ಉಷ್ಣತೆಯನ್ನು ಒಂದಿಷ್ಟೂ ಏರಿಸದೆ, ಬರಿದೆ ಆವಿಯಾಗಿ ಪರಿವರ್ತಿಸಲು 540 ಕ್ಯಾಲೊರಿ ಬೇಕು. ಇದನ್ನು ಗುಪ್ತೋಷ್ಣ ಎನ್ನುತ್ತಾರೆ. ಇದು ಮೊದಲಿನದರ ಎಂಟುಪಟ್ಟಿಗೆ ಸಮೀಪದ ಲೆಕ್ಕ. ತೆರೆದ ಪಾತ್ರೆಯ ಕೆಳಗೆ ಉರಿಯನ್ನು ಜೋರು ಮಾಡುವವರು ಬೇಳೆಯನ್ನು ಬೇಯಿಸುತ್ತಿರುವುದಕ್ಕಿಂತ ಹೆಚ್ಚಾಗಿ ಅಡುಗೆಮನೆಯ ಗಾಳಿಗೆ ಆವಿಯನ್ನು ಉಣಿಸುತ್ತಿರುತ್ತಾರೆ. ಹಿಂದಿನವರು ಬೇಳೆಯ ಪಾತ್ರೆಯ ಮೇಲೆ ನೀರು ತುಂಬಿದ ತಟ್ಟೆಯನ್ನು ಮುಚ್ಚಳವಾಗಿ ಇಡುತ್ತಿದ್ದರು. ಏಳುವ ಆವಿ ತಟ್ಟೆಯ ತಳಕ್ಕೆ ತಾಗಿ ಮತ್ತೆ ಹನಿಯಾಗಿ ಬೀಳುತ್ತದೆ. ತಟ್ಟೆಯಲ್ಲಿ ಬಿಸಿಯಾದ ನೀರು ಪಾತ್ರೆಗೆ ಸೇರಿಸಲು ಒದಗುತ್ತದೆ. ಇದು ಜಾಣತನದ ಏರ್ಪಾಡು. ಇದರಿಂದ ಕಟ್ಟಿಗೆ ಉಳಿಯುತ್ತದೆ. ಆದರೆ ಆ ತಟ್ಟೆ ಸಡಿಲವಾಗಿ ಕುಳಿತಿರುವುದರಿಂದ ಪಾತ್ರೆಯೊಳಗಿನ ಉಷ್ಣತೆ ಇದರಿಂದಲೂ ಏರುವುದಿಲ್ಲ.

ನೀರು ಇಂತಹದೇ ಉಷ್ಣತೆಯಲ್ಲಿ ಏಕೆ ಕುದಿಯಬೇಕು ಎಂಬುದನ್ನು ತಿಳಿಯಲು ಪಾತ್ರೆಯ ತಳದಲ್ಲಿ ಏಳುವ ಗುಳ್ಳೆಯೊಂದನ್ನು ಗಮನಿಸಬೇಕು. ನೀರು ಕಾಯತೊಡಗಿದಾಗ ಮೊದಲು ಕಾಣಿಸುವ ಚಿಕ್ಕ ಗುಳ್ಳೆಗಳು ಆವಿಯವಲ್ಲ. ನೀರಿನಲ್ಲಿ ಕರಗಿದ್ದ ಗಾಳಿಯವು. ಅವು ಹೊರಬಿದ್ದ ಬಳಿಕ ತಳದಲ್ಲಿ ನಿಜವಾದ ಆವಿಯ ಗುಳ್ಳೆಗಳು ಹುಟ್ಟುತ್ತವೆ. ನೀರಿನ ಅಣುಗಳು ಸದಾ ಚಲಿಸುತ್ತಲೇ ಇರುತ್ತವೆ. ಬಿಸಿಯೇರಿದಂತೆ ಅವುಗಳ ವೇಗ ಹೆಚ್ಚುತ್ತದೆ. ಸಂಗಡಿಗರ ಸೆಳೆತವನ್ನು ಹರಿದುಕೊಂಡು ಆವಿಯಾಗುವ ಅಣುಗಳ ಸಂಖ್ಯೆಯೂ ಹೆಚ್ಚುತ್ತದೆ. ಗುಳ್ಳೆಯೊಳಗಿನ ಈ ಆವಿ ಹೊರಮುಖವಾಗಿ ಒತ್ತುತ್ತದೆ. ಗುಳ್ಳೆಯ ಹೊರಗಿನಿಂದ ನೀರು, ಮತ್ತು ಆ ನೀರಿನ ಮೇಲೆ ಕುಳಿತಿರುವ ಇಡಿಯ ವಾಯುಮಂಡಲ, ಅದನ್ನು ಒಳಮುಖವಾಗಿ ಅಮುಕುತ್ತವೆ. ಒಳಗಿನ ಆವಿಯ ಒತ್ತಡ ಕಡಿಮೆಯಿದ್ದರೆ ಗುಳ್ಳೆ ಅಲ್ಲಿಯೇ ಕುಸಿದುಹೋಗುತ್ತದೆ. ಕುದಿಯುವುದಕ್ಕೆ ಸ್ವಲ್ಪ ಮೊದಲು ಪಾತ್ರೆ ‘ಹಾಡುವ’ ಸದ್ದು ಕೇಳುತ್ತದಲ್ಲವೆ, ಅದು ಹೀಗೆ ಹುಟ್ಟಿದೊಡನೆ ಸಾಯುವ ಗುಳ್ಳೆಗಳ ಸದ್ದು. ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸರಿಸಮವಾದಾಗ ಗುಳ್ಳೆ ಬದುಕಿ, ಬೆಳೆದು, ಮೇಲೇರಿ ಒಡೆಯುತ್ತದೆ. ಅದೇ ಕುದಿಯುವಿಕೆ.

ಇದರಿಂದ ಒಂದು ಸಂಗತಿ ತಾನಾಗಿ ಹೊರಡುತ್ತದೆ. ಕುದಿಯುವ ಉಷ್ಣತೆಯನ್ನು ಗೊತ್ತುಮಾಡುವುದು ಒಲೆಯಲ್ಲ, ನೀರಿನ ಮೇಲಿನ ಒತ್ತಡ. ಒತ್ತಡ ಇಳಿದರೆ ಕುದಿಬಿಂದು ಇಳಿಯುತ್ತದೆ; ಒತ್ತಡ ಏರಿದರೆ ಕುದಿಬಿಂದುವೂ ಏರುತ್ತದೆ. ಮಂಗಳೂರಿನ ಕಡಲತೀರದಲ್ಲಿ 100 ಡಿಗ್ರಿಯಲ್ಲಿ ಕುದಿಯುವ ನೀರು ಸಾಲಗುಂದದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಕೆಳಗೆ ಕುದಿಯುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದು ಸುಮಾರು 94 ಡಿಗ್ರಿಯಲ್ಲಿಯೇ ಕುದಿದುಬಿಡುತ್ತದೆ. ಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಇಳಿಯುತ್ತದೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು.

ಚಾರ್ಲ್ಸ್ ಡಾರ್ವಿನ್ 1835ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳನ್ನು ದಾಟುತ್ತಿದ್ದಾಗ ಈ ನಿಯಮ ಅವನ ಸಂಗಡಿಗರನ್ನು ಸತಾಯಿಸಿತು. ಎತ್ತರದ ಬೀಡಿನಲ್ಲಿ ಅವರು ಆಲೂಗಡ್ಡೆಯನ್ನು ಒಲೆಯ ಮೇಲಿಟ್ಟು ರಾತ್ರಿಯೆಲ್ಲ ಕುದಿಸಿದರು. ಬೆಳಗ್ಗೆ ಎದ್ದು ಮತ್ತೊಮ್ಮೆ ಕುದಿಸಿದರು. ಆದರೂ ಗಡ್ಡೆ ಬೇಯಲಿಲ್ಲ. ಪಾತ್ರೆ ಹೊಸದು, ಅದಕ್ಕೆ ಆಲೂಗಡ್ಡೆಯನ್ನು ಬೇಯಿಸಲು ಮನಸ್ಸಿಲ್ಲ ಎಂದು ಆ ಸಂಗಡಿಗರು ತೀರ್ಮಾನಿಸಿದರಂತೆ. ನಗುವುದಕ್ಕೆ ಕಾರಣವಿಲ್ಲ. ಕಣ್ಣೆದುರಿಗೆ ಕುದಿಯುತ್ತಿರುವ ನೀರು ಸಾಕಷ್ಟು ಬಿಸಿಯಾಗಿಲ್ಲವೆಂದು ನಂಬುವುದು ಯಾರಿಗೂ ಸುಲಭವಲ್ಲ.

ಒತ್ತಡ ಇಳಿದಾಗ ಅಡುಗೆ ಕೆಡುವುದಾದರೆ, ಒತ್ತಡವನ್ನು ಬೇಕೆಂದೇ ಏರಿಸಿದರೆ ಏನಾದೀತು? ಈ ಪ್ರಶ್ನೆಯನ್ನು ಆಂಡೀಸ್‌ನ ಆಲೂಗಡ್ಡೆಗಿಂತ ಒಂದೂವರೆ ಶತಮಾನದ ಹಿಂದೆಯೇ ಫ್ರಾನ್ಸ್ ದೇಶದ ಡೆನಿಸ್ ಪಾಪಿನ್ ಎಂಬವನು ಕೈಗೆತ್ತಿಕೊಂಡಿದ್ದನು. ಅವನು ವೈದ್ಯಶಾಸ್ತ್ರವನ್ನು ಓದಿದವನು; ಲಂಡನ್ನಿಗೆ ಬಂದು ರಾಬರ್ಟ್ ಬಾಯ್ಲ್‌ನ ಸಹಾಯಕನಾಗಿ ಕೆಲಸ ಮಾಡಿದವನು. 1679ರಲ್ಲಿ ಅವನು ಭದ್ರವಾದ ಮುಚ್ಚಳವುಳ್ಳ ಗಟ್ಟಿ ಲೋಹದ ಪಾತ್ರೆಯೊಂದನ್ನು ನಿರ್ಮಿಸಿ, ಅದರಲ್ಲಿ ಗಡುಸಾದ ಎಲುಬುಗಳನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದನು. 1682ರ ಏಪ್ರಿಲಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಿಗೆ ಈ ಪಾತ್ರೆಯಲ್ಲಿ ಬೇಯಿಸಿದ ಊಟವೊಂದು ನಡೆಯಿತು. ಆದರೆ ಅವನ ದೊಡ್ಡ ಸಾಧನೆ ಪಾತ್ರೆಯಲ್ಲ, ಅದರ ಮೇಲಿನ ತೂಕ. ಆವಿಯನ್ನು ಸುಮ್ಮನೆ ಕೂಡಿಹಾಕಿದರೆ ಪಾತ್ರೆ ಸಿಡಿಯುತ್ತದೆ. ಅದಕ್ಕಾಗಿ ಅವನು ಮುಚ್ಚಳದಲ್ಲಿ ಒಂದು ಚಿಕ್ಕ ರಂಧ್ರವನ್ನು ಕೊರೆದು, ತೂಕ ಕಟ್ಟಿದ ಸನ್ನೆಯಿಂದ ಅದನ್ನು ಮುಚ್ಚಿದನು. ಒತ್ತಡ ಮಿತಿಮೀರಿದೊಡನೆ ಆವಿಯೇ ಆ ತೂಕವನ್ನು ಎತ್ತಿ ದಾರಿ ಮಾಡಿಕೊಳ್ಳಬೇಕು. ಇಂದಿನ ಕುಕ್ಕರಿನ ನೆತ್ತಿಯ ಮೇಲೆ ಕುಳಿತು ಸೀಟಿ ಹೊಡೆಯುವ ಬಟ್ಟು ಅದರ ಮರಿಮಗುವೇ ಸರಿ. ಭಾರತದಲ್ಲಿ ಕುಕ್ಕರುಗಳ ತಯಾರಿಕೆ 1959ರ ವೇಳೆಗೆ ನೆಲೆಗೊಂಡಿತು. ಆಮೇಲೆ ಪಟ್ಟಣದಿಂದ ಹಳ್ಳಿಗೆ, ಮದುವೆಯ ಉಡುಗೊರೆಯ ರೂಪದಲ್ಲಿ, ಅದು ನಿಧಾನವಾಗಿ ನಡೆದುಬಂತು.

ಈ ಬಟ್ಟಿನ ಲೆಕ್ಕ ಬಹಳ ಸರಳವಾದುದು. ಅದು ಕುಳಿತುಕೊಳ್ಳುವ ನಳಿಗೆಯ ರಂಧ್ರದ ವ್ಯಾಸ 3 ಮಿಲಿಮೀಟರ್ ಎಂದಿಟ್ಟುಕೊಂಡರೆ ಆ ರಂಧ್ರದ ವಿಸ್ತೀರ್ಣ 7 ಚದರ ಮಿಲಿಮೀಟರ್, ಅಂದರೆ ಒಂದು ಚದರ ಸೆಂಟಿಮೀಟರಿನ ನೂರರಲ್ಲಿ ಏಳು ಪಾಲು. ಅದರ ಮೇಲೆ 70 ಗ್ರಾಂ ತೂಕದ ಬಟ್ಟನ್ನು ಇಟ್ಟರೆ, ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡವನ್ನು ಮೀರಿದಾಗ ಮಾತ್ರ ಆವಿ ಅದನ್ನು ಎತ್ತಬಲ್ಲದು. ಹೊರಗಿನ ವಾಯುಮಂಡಲದ ಒತ್ತಡವೂ ಸುಮಾರು ಅಷ್ಟೇ ಇರುವುದರಿಂದ ಒಳಗಿನ ಒಟ್ಟು ಒತ್ತಡ ಹೊರಗಿನದರ ಇಮ್ಮಡಿಯಾಗುತ್ತದೆ. ಅಷ್ಟು ಒತ್ತಡದಡಿಯಲ್ಲಿ ನೀರು ಕುದಿಯಬೇಕಾದರೆ 120 ಡಿಗ್ರಿಯ ಸಮೀಪಕ್ಕೆ ಬರಬೇಕು. ಎಪ್ಪತ್ತು ಗ್ರಾಂ ಲೋಹ, ಅಂಗೈಯಲ್ಲಿ ಭಾರವೆನಿಸದ ಒಂದು ತುಂಡು, ನೀರಿನ ಕುದಿಬಿಂದುವನ್ನು 21 ಡಿಗ್ರಿಯಷ್ಟು ಮೇಲಕ್ಕೆ ಎತ್ತಿಬಿಡುತ್ತದೆ. ಉಳಿದದ್ದೆಲ್ಲ ಅದನ್ನು ಹಿಡಿದಿಡುವ ಏರ್ಪಾಡು.

ಈ 21 ಡಿಗ್ರಿಗೆ ಅಷ್ಟೇಕೆ ಮಹತ್ವ? ಬೇಳೆಯ ಕಾಳಿನೊಳಗಿನ ಹಿಟ್ಟು ಮೆತ್ತಗಾಗಲು 80 ಡಿಗ್ರಿಯೂ ಬೇಡ. ಕುದಿನೀರಿನಲ್ಲಿ ಅದು ತಡಮಾಡುವುದಿಲ್ಲ. ತಡಮಾಡುವುದು ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಅಂಟು. ಆ ಅಂಟು ಕರಗಿ ಕೋಶಗಳು ಬಿಡಿಬಿಡಿಯಾದಾಗ ಮಾತ್ರ ಬೇಳೆ ಬೆರಳಿಗೆ ನುರಿಯುತ್ತದೆ. ಇದೊಂದು ರಾಸಾಯನಿಕ ಕ್ರಿಯೆ. ಇಂತಹ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ನಿಯಮ. ಹತ್ತು ಡಿಗ್ರಿ ಏರಿದಾಗ ಎರಡುಪಟ್ಟು, ಇನ್ನೂ ಹತ್ತು ಏರಿದಾಗ ನಾಲ್ಕುಪಟ್ಟು. ತೆರೆದ ಪಾತ್ರೆಯಲ್ಲಿ 45 ನಿಮಿಷ ಬೇಡುತ್ತಿದ್ದ ಬೇಳೆಗೆ, ಪೂರ್ಣ ಒತ್ತಡ ಬಂದ ಬಳಿಕ, ಹತ್ತು ಹನ್ನೊಂದು ನಿಮಿಷ ಸಾಕು. ಮನೆಗಳ ಅನುಭವವೂ ಈ ಲೆಕ್ಕವನ್ನು ಹೆಚ್ಚು ಕಡಿಮೆ ಒಪ್ಪುತ್ತದೆ.

ಆದರೆ ಕುಕ್ಕರು ಎಲ್ಲ ಬೇಳೆಯನ್ನೂ ಒಂದೇ ಹದಕ್ಕೆ ತರಲಾರದು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರು ಸೀಮೆಯಲ್ಲಿ ಕಾಲುವೆಯ ಸಿಹಿನೀರಿಗೂ ಕೊಳವೆಬಾವಿಯ ಸವುಳು ನೀರಿಗೂ ಇರುವ ಅಂತರವನ್ನು ಅಡುಗೆ ಮಾಡುವವರು ಬಲ್ಲರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಪೆಕ್ಟಿನ್ನಿಗೆ ಹತ್ತಿಕೊಂಡು ಅದನ್ನು ಕರಗದಂತೆ ಬಿಗಿಯುತ್ತವೆ. ಹುಣಸೆಯ ಹುಳಿಯೂ ಅಂಟನ್ನು ಕರಗಗೊಡುವುದಿಲ್ಲ. ಆದಕಾರಣ ಹುಣಸೆಯ ರಸವನ್ನು ಬೇಳೆ ಬೆಂದ ಮೇಲೆಯೇ ಸುರಿಯುವ ವಾಡಿಕೆ ಬೆಳೆದುಬಂದಿದೆ. ಕುಕ್ಕರಿನಲ್ಲಿಯೂ ಬೇಳೆ ‘ಗಟ್ಟಿ’ ಉಳಿಯಿತೆಂದು ದೂರುವವರು ಕುಕ್ಕರನ್ನು ಬಯ್ಯುವ ಮೊದಲು ನೀರನ್ನು ವಿಚಾರಿಸುವುದು ಲೇಸು.

ಇನ್ನು ಸೀಟಿಯ ವಿಚಾರ. “ಮೂರು ಸೀಟಿ ಆದ ಮ್ಯಾಲೆ ಇಳಸವ್ವ” ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳುತ್ತದೆ. ಸೀಟಿಯನ್ನೇ ಗಡಿಯಾರವೆಂದು ತಿಳಿದವರು ಗಮನಿಸದೆ ಬಿಡುವ ಸಂಗತಿಯೊಂದುಂಟು. ಕುಕ್ಕರಿಗೆ ಮುಚ್ಚಳ ಹಾಕಿದಾಗ ಒಳಗೆ ಬೇಳೆ ಮತ್ತು ನೀರು ಮಾತ್ರ ಇರುವುದಿಲ್ಲ. ಮೇಲಿನ ಬರಿದಾದ ಜಾಗವನ್ನೆಲ್ಲ ಗಾಳಿ ತುಂಬಿರುತ್ತದೆ. ಮುಚ್ಚಳದೊಡನೆ ಬಟ್ಟನ್ನೂ ಒಮ್ಮೆಲೇ ಇಟ್ಟುಬಿಟ್ಟರೆ ಆ ಗಾಳಿ ಅಲ್ಲಿಯೇ ಸೆರೆಯಾಗುತ್ತದೆ. ಕಾದಂತೆ ಅದೂ ಒತ್ತುತ್ತದೆ. ಬಟ್ಟನ್ನು ಎತ್ತುವುದು ಒಟ್ಟು ಒತ್ತಡ; ಅದರಲ್ಲಿ ಗಾಳಿಯ ಪಾಲೆಷ್ಟು, ಆವಿಯ ಪಾಲೆಷ್ಟು ಎಂದು ಬಟ್ಟು ಕೇಳುವುದಿಲ್ಲ. ಬೇಳೆಯ ಉಷ್ಣತೆಗೆ ಸಂಬಂಧಪಟ್ಟದ್ದಾದರೋ ಆವಿಯ ಪಾಲು ಮಾತ್ರ. ಲೆಕ್ಕ ಹಾಕಿದರೆ ಸೋಜಿಗವೆನಿಸುತ್ತದೆ. 30 ಡಿಗ್ರಿಯಲ್ಲಿ ಸೆರೆಯಾದ ಗಾಳಿ ಒಲೆಯ ಮೇಲೆ ಕಾದು ವಾಯುಮಂಡಲದ ಒತ್ತಡಕ್ಕಿಂತ ತುಸು ಹೆಚ್ಚಿನ ಒತ್ತಡವನ್ನು ತಾನೊಂದೇ ಒದಗಿಸುತ್ತದೆ. ಆವಿಯ ಒತ್ತಡ ವಾಯುಮಂಡಲದ ಐದರಲ್ಲಿ ನಾಲ್ಕು ಪಾಲಿನಷ್ಟು ಆಗುವುದರೊಳಗೆ ಎರಡೂ ಕೂಡಿ ಬಟ್ಟು ಎದ್ದುಬಿಡುತ್ತದೆ. ಆವಿಗೆ ಅಷ್ಟು ಒತ್ತಡ ಬರುವುದು ಸುಮಾರು 94 ಡಿಗ್ರಿಯಲ್ಲಿ. ಅಂದರೆ ಮೊದಲನೆಯ ಸೀಟಿ ಕೂಗಿದಾಗ ಕುಕ್ಕರಿನೊಳಗಿನ ನೀರು ತೆರೆದ ಪಾತ್ರೆಯ ಕುದಿನೀರಿನಷ್ಟೂ ಬಿಸಿಯಾಗಿರದೆ ಇರಬಹುದು! ಸೀಟಿಯ ಮೇಲೆ ಸೀಟಿಯಾದಂತೆ ಗಾಳಿ ಹೊರಬಿದ್ದು ಆವಿ ಅದರ ಜಾಗವನ್ನು ತುಂಬುತ್ತದೆ. ಆಗಷ್ಟೇ ಉಷ್ಣತೆ 120ರ ಕಡೆಗೆ ಏರುತ್ತದೆ.

ಮುಚ್ಚಳ ಹಾಕಿದ ಮೇಲೆ ಬಟ್ಟನ್ನು ಕೂಡಲೇ ಇಡದೆ, ನಳಿಗೆಯಿಂದ ಆವಿ ಒಂದೇ ಸಮನೆ ಸುಯ್ಯೆಂದು ಹೊರಡುವವರೆಗೆ ಕಾಯಬೇಕೆಂದು ತಯಾರಕರು ಹೇಳುವುದರ ಗುಟ್ಟು ಇಲ್ಲಿದೆ. ಆ ಆವಿ ಗಾಳಿಯನ್ನು ಹೊರದೂಡಿಕೊಂಡು ಬರುತ್ತದೆ. ಈ ಕಾಯುವಿಕೆಯಿಂದ ಇನ್ನೊಂದು ಪ್ರಯೋಜನವೂ ಉಂಟು: ನಳಿಗೆ ಕಟ್ಟಿಕೊಂಡಿಲ್ಲವೆಂಬುದು ಕಣ್ಣಾರೆ ತಿಳಿಯುತ್ತದೆ. ಅದಾದ ಮೇಲೆ ಬಟ್ಟನ್ನಿಟ್ಟು, ಮೊದಲ ಸೀಟಿ ಬಂದೊಡನೆ ಉರಿಯನ್ನು ತಗ್ಗಿಸಿ, ಸೀಟಿಯನ್ನಲ್ಲ, ನಿಮಿಷವನ್ನು ಎಣಿಸಬೇಕು. ತಗ್ಗಿಸಿದರೆ ಬೇಳೆ ಬೇಯುವುದು ತಡವಾಗದೆ? ಆಗುವುದಿಲ್ಲ. ತೆರೆದ ಪಾತ್ರೆಯ ನಿಯಮವೇ ಇಲ್ಲಿಯೂ ನಡೆಯುತ್ತದೆ. ಬಟ್ಟು ಎದ್ದ ಮೇಲೆ ಒತ್ತಡ ಏರಲಾರದು, ಆದ್ದರಿಂದ ಉಷ್ಣತೆಯೂ ಏರಲಾರದು. ಎಡೆಬಿಡದೆ ಚೀರುವ ಕುಕ್ಕರಿನಲ್ಲಿಯೂ ಆಗೊಮ್ಮೆ ಈಗೊಮ್ಮೆ ಉಸಿರು ಬಿಡುವ ಕುಕ್ಕರಿನಲ್ಲಿಯೂ ಬೇಳೆ ಕಾಣುವುದು ಅದೇ 120 ಡಿಗ್ರಿ. ಮೊದಲನೆಯದು ಅನಿಲವನ್ನು ಸುಟ್ಟು ಆವಿಯನ್ನು ಚೆಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಹದವಾದ ಉರಿಯಲ್ಲಿರುವ ಕುಕ್ಕರಿನೊಳಗೆ, ಎರಡು ಸೀಟಿಗಳ ನಡುವೆ, ನೀರು ಕುದಿಯುವುದೂ ಇಲ್ಲವೆನ್ನಬಹುದು. 120 ಡಿಗ್ರಿಯಲ್ಲಿದ್ದೂ ಅದು ಶಾಂತವಾಗಿರುತ್ತದೆ. ಸೀಟಿಯಾದ ಕ್ಷಣದಲ್ಲಿ ಒತ್ತಡ ತುಸು ಕುಸಿಯುವುದರಿಂದ ಮಾತ್ರ ಅದು ಒಮ್ಮೆ ಉಕ್ಕಿ ಕುದಿಯುತ್ತದೆ.

ಆ ಉಕ್ಕುವ ಕ್ಷಣವೇ ಅಪಾಯದ ಮೂಲವೂ ಹೌದು. ತೊಗರಿಬೇಳೆ ನೊರೆ ಕಟ್ಟುವ ಧಾನ್ಯ. ಕುಕ್ಕರನ್ನು ಕಂಠಮಟ್ಟ ತುಂಬಿದರೆ ಸೀಟಿಯೊಡನೆ ಎದ್ದ ನೊರೆ ಬೇಳೆಯ ಸಿಪ್ಪೆಯನ್ನೂ ಹೊತ್ತುಕೊಂಡು ಆ 3 ಮಿಲಿಮೀಟರ್ ರಂಧ್ರವನ್ನು ಸೇರುತ್ತದೆ. ಅಲ್ಲಿ ಅದು ಒಣಗಿ ಕಚ್ಚಿಕೊಂಡರೆ ಬಟ್ಟು ಏಳಲು ದಾರಿಯೇ ಇಲ್ಲ. ಬೇಳೆಕಾಳುಗಳಿಗೆ ಕುಕ್ಕರಿನ ಅರ್ಧದಷ್ಟು ಮಾತ್ರ ತುಂಬಬೇಕೆಂಬ ನಿಯಮವೂ, ಒಂದು ಚಮಚ ಎಣ್ಣೆ ಹಾಕಿ ನೊರೆಯನ್ನು ಅಡಗಿಸುವ ರೂಢಿಯೂ ಹುಟ್ಟಿದ್ದು ಇದರಿಂದಲೇ. ಒಲೆಗೇರಿಸುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ನಳಿಗೆಯ ಮೂಲಕ ಬೆಳಕು ಕಾಣುವುದೇ ಎಂದು ನೋಡುವುದಕ್ಕೆ ಎರಡು ಕ್ಷಣವೂ ಹಿಡಿಯದು. ಹೊತ್ತಾದರೂ ಸೀಟಿ ಬರಲಿಲ್ಲ, ಮುಚ್ಚಳದ ಅಂಚಿನಿಂದಲೂ ಆವಿ ಸೋರುತ್ತಿಲ್ಲ ಎಂದರೆ ಮುಚ್ಚಳಕ್ಕೆ ಕೈ ಹಚ್ಚದೆ ಒಲೆಯನ್ನು ಆರಿಸಬೇಕು. ಅಂಚಿನಿಂದ ಸೋರುತ್ತಿದ್ದರೆ ದೋಷ ರಬ್ಬರಿನ ಬಳೆಯದು. ಅದು ಸುತ್ತೆಲ್ಲ ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಅಂತಹ ಕುಕ್ಕರಿನಲ್ಲಿ ಒತ್ತಡ ನಿಲ್ಲದೆ ಬೇಳೆ ಬೇಯುವುದು ತಡವಾಗುತ್ತದೆಯೇ ಹೊರತು ಅದು ಸಿಡಿಯುವುದಿಲ್ಲ.

ನಳಿಗೆ ಕಟ್ಟಿಕೊಂಡಾಗ ರಕ್ಷಣೆಗೆಂದು ಮುಚ್ಚಳದಲ್ಲಿ ಇನ್ನೊಂದು ಬಾಗಿಲಿದೆ. ಅದು ಬೇಗ ಕರಗುವ ಮಿಶ್ರಲೋಹವನ್ನು ಒಳಗೊಂಡ ಪುಟ್ಟ ಬಿರಡೆ. ಉಷ್ಣತೆ ಮಿತಿಮೀರಿದರೆ ಈ ಲೋಹ ಕರಗಿ ಆವಿಗೆ ದಾರಿ ಬಿಡುತ್ತದೆ. ಇಂತಹ ಬಿರಡೆ ಹೋದಾಗ ಅಗ್ಗದ ಬದಲಿಯನ್ನು ಸಿಕ್ಕಿಸುವುದು, ಕಳೆದುಹೋದ ಬಟ್ಟಿನ ಜಾಗದಲ್ಲಿ ಬೇರೆ ಕುಕ್ಕರಿನ ಬಟ್ಟನ್ನು ಕೂರಿಸುವುದು, ಸೋರುವ ಬಟ್ಟಿನ ಮೇಲೆ ಇನ್ನೊಂದು ಭಾರವನ್ನು ಹೇರುವುದು ಇವೆಲ್ಲ ಸಣ್ಣ ಉಳಿತಾಯಕ್ಕಾಗಿ ದೊಡ್ಡ ಅಪಾಯವನ್ನು ಕೊಳ್ಳುವ ಕೆಲಸಗಳು. 70 ಗ್ರಾಮಿನ ಬದಲು ಅದೇ ರಂಧ್ರದ ಮೇಲೆ 140 ಗ್ರಾಂ ಕುಳಿತರೆ ಒಳಗಿನ ಹೆಚ್ಚುವರಿ ಒತ್ತಡ ಎರಡುಪಟ್ಟಾಗಿ, ನೀರು 130 ಡಿಗ್ರಿಯನ್ನೂ ದಾಟುತ್ತದೆ. ಕುಕ್ಕರುಗಳಿಗೆ ಭಾರತೀಯ ಮಾನಕವಾದ ಐ.ಎಸ್. 2347ರ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಆದರೆ ಆ ಗುರುತು ಕಾರ್ಖಾನೆಯಿಂದ ಹೊರಬಿದ್ದ ದಿನದ ಕುಕ್ಕರಿಗೆ ಸಲ್ಲುತ್ತದೆ. ಸಂತೆಯಲ್ಲಿ ಬದಲಾಯಿಸಿದ ಬಟ್ಟಿಗಲ್ಲ.

ಒಳಗಿನ ಬಲ ಎಷ್ಟೆಂಬುದು ಹೊರಗಿನಿಂದ ಕಾಣದಿರುವುದರಿಂದಲೇ ಜನ ಕುಕ್ಕರಿನೊಡನೆ ಸಲಿಗೆಯಿಂದಿರುತ್ತಾರೆ. 20 ಸೆಂಟಿಮೀಟರ್ ಅಡ್ಡಳತೆಯ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರನ್ನೂ ಒಂದು ಕಿಲೋಗ್ರಾಂ ಬಲ ಹೊರಕ್ಕೆ ದೂಡುತ್ತಿರುವಾಗ ಇಡಿಯ ಮುಚ್ಚಳದ ಮೇಲಿನ ಬಲ 314 ಕಿಲೋಗ್ರಾಂ. ಕ್ವಿಂಟಲ್ ತೂಕದ ಮೂರು ಜೋಳದ ಚೀಲಗಳನ್ನು ಒಂದರ ಮೇಲೊಂದು ಹೇರಿದ ಭಾರವಿದು. ಕೆಲವು ಕುಕ್ಕರುಗಳಲ್ಲಿ ಮುಚ್ಚಳವು ಬಾಯಿಯ ಒಳಗಿನಿಂದ ಕುಳಿತುಕೊಳ್ಳುತ್ತದೆ. ಅಲ್ಲಿ ಈ ಬಲವೇ ಮುಚ್ಚಳವನ್ನು ಬಾಯಿಗೆ ಬಿಗಿದು ಹಿಡಿಯುವುದರಿಂದ ಒತ್ತಡವಿರುವ ತನಕ ಅದನ್ನು ತೆರೆಯಲು ಬಾರದು. ಮುಚ್ಚಳ ಹೊರಗಿನಿಂದ ಕುಳಿತು ತಿರುಗಿಸಿ ಕಚ್ಚಿಕೊಳ್ಳುವ ಬಗೆಯಲ್ಲಿ, ಅವಸರದಿಂದ ಹಿಡಿಕೆಯನ್ನು ಬಲವಾಗಿ ತಿರುಗಿಸಿದವರ ಮುಖಕ್ಕೆ ಆ ಮುಚ್ಚಳವೇ ಹಾರಿಬರಬಹುದು.

ಬೇಯುವ ತನಕ ಇದ್ದವರಿಗೆ ಆರುವ ತನಕ ಇರಲಾಗದೆ ಎಂಬ ಗಾದೆಯನ್ನು ಕುಕ್ಕರು ಹುಟ್ಟುವ ಮೊದಲೇ ಕಟ್ಟಿದವರು ಕುಕ್ಕರನ್ನು ಕಂಡಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರೇನೋ. ಮುಚ್ಚಳವನ್ನು ಮೊದಲೇ ತೆರೆದಾಗ ಆಗುವುದು ಬರಿಯ ಆವಿಯ ಬಿಡುಗಡೆಯಲ್ಲ. ಒಳಗಿರುವ ನೀರು 120 ಡಿಗ್ರಿಯಲ್ಲಿದೆ. ಒತ್ತಡ ಒಮ್ಮೆಲೇ ಬಿದ್ದುಹೋದರೆ ಅದರ ಕುದಿಬಿಂದುವೂ ಒಮ್ಮೆಲೇ 99ರ ಕೆಳಗೆ ಇಳಿಯುತ್ತದೆ. ತನ್ನಲ್ಲಿ ಮಿಕ್ಕಿರುವ 21 ಡಿಗ್ರಿಯ ಬಿಸಿಯನ್ನು ನೀರು ಆ ಕ್ಷಣದಲ್ಲಿ ಎಲ್ಲಿಯಾದರೂ ಕಳೆಯಲೇಬೇಕು. ಅದಕ್ಕೆ ಒಂದೇ ದಾರಿ: ತನ್ನ ಒಂದು ಪಾಲು ಆವಿಯಾಗುವುದು. ಒಳಗೆ 2 ಲೀಟರ್ ನೀರಿದ್ದರೆ ಸುಮಾರು 80 ಗ್ರಾಂ ನೀರು ಕಣ್ಣೆವೆಯಿಕ್ಕುವುದರೊಳಗೆ ಆವಿಯಾಗುತ್ತದೆ. ಎಂಬತ್ತು ಗ್ರಾಂ ಎಂದರೆ ಅರ್ಧ ಲೋಟವೂ ಅಲ್ಲ. ಆದರೆ ಆವಿಯಾಗಿ ಅದಕ್ಕೆ ಬೇಕಾಗುವ ಜಾಗ 130 ಲೀಟರಿಗೂ ಮಿಕ್ಕದ್ದು. ಐದು ಲೀಟರಿನ ಕುಕ್ಕರಿನ ಬಾಯಿಯಿಂದ ಅಷ್ಟು ಆವಿ ಬೇಳೆಯನ್ನು ಹೊತ್ತುಕೊಂಡು ನುಗ್ಗುತ್ತದೆ. ಅದು ಚರ್ಮಕ್ಕೆ ತಾಗಿ ನೀರಾಗುವಾಗ ಪ್ರತಿ ಗ್ರಾಮಿಗೆ 540 ಕ್ಯಾಲೊರಿಯನ್ನು ಅಲ್ಲಿಯೇ ಇಳಿಸಿ ಹೋಗುತ್ತದೆ. ಒಲೆಯಿಂದ ಪಡೆದ ಗುಪ್ತೋಷ್ಣವನ್ನು ಆವಿ ಅಲ್ಲಿ ಮರಳಿಸುತ್ತದೆ. ಕುದಿನೀರಿನ ಸುಟ್ಟಗಾಯಕ್ಕಿಂತ ಆವಿಯ ಸುಟ್ಟಗಾಯ ಆಳವಾಗಿರುವುದು ಈ ಕಾರಣದಿಂದಲೇ.

ಉರಿಯನ್ನು ಆರಿಸಿದ ಮೇಲೆ ಕುಕ್ಕರು ತಾನಾಗಿ ತಣಿಯಲು ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ. ಈ ಹೊತ್ತು ವ್ಯರ್ಥವಲ್ಲ. ಉಷ್ಣತೆ 120ರಿಂದ ಮೆಲ್ಲಮೆಲ್ಲನೆ ಇಳಿಯುತ್ತಿರುವಷ್ಟು ಕಾಲವೂ ಒಳಗೆ ಬೇಳೆ ಕಾಸಿನ ಖರ್ಚಿಲ್ಲದೆ ಬೇಯುತ್ತಿರುತ್ತದೆ. ಇದನ್ನು ಬಲ್ಲ ಗೃಹಿಣಿ ಕುಕ್ಕರನ್ನು ಎರಡು ನಿಮಿಷ ಮೊದಲೇ ಇಳಿಸಿ, ಅದೇ ಉರಿಯ ಮೇಲೆ ಹಂಚಿಟ್ಟು ರೊಟ್ಟಿಗೆ ಕೂರುತ್ತಾಳೆ. ಅವಸರವಿದ್ದರೆ ಮುಚ್ಚಳದ ಮೇಲೆ ತಣ್ಣೀರು ಸುರಿಯಬಹುದು. ಆವಿ ಮತ್ತೆ ನೀರಾಗಿ ಒತ್ತಡ ಬೇಗ ಇಳಿಯುತ್ತದೆ. ಆದರೆ ಆಗ ಒಳಗಿನ ಬೇಳೆ ಇದ್ದಕ್ಕಿದ್ದಂತೆ ಮತ್ತೆ ಕುದಿದು ನೊರೆಯೇಳುವುದರಿಂದ ನೀರನ್ನು ನಳಿಗೆಯ ಮೇಲೆ ಬೀಳದಂತೆ ಅಂಚಿನಲ್ಲಿ ಸುರಿಯಬೇಕು. ಕಡೆಗೆ ಚಮಚದ ತುದಿಯಿಂದ ಬಟ್ಟನ್ನು ಕೂದಲೆಳೆಯಷ್ಟು ಎತ್ತಿ ನೋಡಬೇಕು. ಸುಯ್ಯೆಂಬ ಸದ್ದು ಬಂದರೆ ಒಳಗಿನ ನೀರು ಇನ್ನೂ 99 ಡಿಗ್ರಿಗಿಂತ ಮೇಲಿದೆ ಎಂದರ್ಥ. ಸದ್ದು ಬರದಿದ್ದರೆ ಮುಚ್ಚಳವನ್ನು ಮುಖದಿಂದ ಆಚೆಗೆ ಓರೆಮಾಡಿ ತೆರೆದು, ಒಂದು ಬೇಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಅದು ಬೆಣ್ಣೆಯಂತೆ ನುಣ್ಣಗೆ ಹರಡುತ್ತದೆ. ಹುಣಸೆಯ ರಸವನ್ನೂ ಉಪ್ಪನ್ನೂ ಹಾಕುವ ಹೊತ್ತು ಅದು.